ವಿಷಲ್‌ಬ್ಲೋವರ್ ಪಾಲಿಸಿಯ ಗೌಪ್ಯತೆ ಕಲಂ ಹೊಸಬರಿಗೆ ಅರ್ಥವಾಗುವ ಹಾಗೆ ಬರೆಯುವುದು ಹೇಗೆ?

ಸ್ಮಿತಾ_ಪಿ

ನಮ್ಮ ವಿಷಲ್‌ಬ್ಲೋವರ್ ಪಾಲಿಸಿ 14 ಪುಟ ಇದೆ. ಟ್ರೈನಿಗಳು, ಪ್ರೊಬೇಷನ್‌ನಲ್ಲಿರುವವರು, ಸೇರಿ ಒಂದೆರಡು ವರ್ಷ ಆದವರು ಓದಿ ತಿಳಿದುಕೊಳ್ಳುವಂತೆ ಅದನ್ನು ಎರಡು ಪುಟಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಿಕ್ಕದ್ದು ಹೇಗೋ ಆಗುತ್ತದೆ. ಸಿಕ್ಕಿಹಾಕಿಕೊಂಡಿರುವುದು ಈ ನಾಲ್ಕು ಕಲಮಿನಲ್ಲಿ:

> 7.2 ದೂರುದಾರರ ಗುರುತನ್ನು ಅನ್ವಯವಾಗುವ ಕಾನೂನಿಗೆ ಒಳಪಟ್ಟು ಹಾಗೂ ತನಿಖೆಯ ಅಗತ್ಯಕ್ಕೆ ಅನುಗುಣವಾಗಿ ಸಾಧ್ಯವಾದ ಮಟ್ಟಿಗೆ ಗೌಪ್ಯವಾಗಿ ಇರಿಸಲಾಗುವುದು.
>
> 7.3 ಸದುದ್ದೇಶದಿಂದ ದೂರು ನೀಡಿದ ಸಿಬ್ಬಂದಿಯ ವಿರುದ್ಧ ಯಾವುದೇ ಪ್ರತೀಕಾರ ಕ್ರಮವನ್ನು ಸಹಿಸಲಾಗುವುದಿಲ್ಲ.
>
> 7.6 ತನಿಖೆಗೆ ಸಂಬಂಧಿಸಿದ ಯಾವುದೇ ವಿಷಯವನ್ನು ಪೂರ್ವಾನುಮತಿ ಇಲ್ಲದೆ ಯಾರೊಂದಿಗೂ ಚರ್ಚಿಸತಕ್ಕದ್ದಲ್ಲ.
>
> 8.1 ದೂರನ್ನು ಸೂಕ್ತ ಮಾರ್ಗದ ಮೂಲಕ ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು.

7.2ಕ್ಕೆ ನಾನು ಬರೆದದ್ದು ಇಷ್ಟು: "ನಿಮ್ಮ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಧೈರ್ಯವಾಗಿ ದೂರು ಕೊಡಿ." ನಮ್ಮ ಮ್ಯಾನೇಜರ್‌ಗೆ ತುಂಬ ಹಿಡಿಸಿತು. ಲೀಗಲ್‌ನವರು ಮೂಗು ಮುರಿದರು, ಯಾಕೆಂದು ಹೇಳಲಿಲ್ಲ. ಎಲ್ಲಿ ಎಡವಿದ್ದೇನೆ?

ಕರಡು_ತಿದ್ದುವವ

ಸ್ಮಿತಾ ಅವರೇ, ಲೀಗಲ್‌ನವರು ಮೂಗು ಮುರಿದದ್ದು ಸರಿ, ಕಾರಣ ಹೇಳದೆ ಬಿಟ್ಟದ್ದು ತಪ್ಪು. ಹಳೆಯ ಸಾಲು ಏನನ್ನೂ ಹೇಳುವುದಿಲ್ಲ. ನಿಮ್ಮ ಸಾಲು ಸುಳ್ಳು ಹೇಳುತ್ತದೆ. ಎರಡರಲ್ಲಿ ಹೆಚ್ಚು ಅಪಾಯದ್ದು ನಿಮ್ಮದೇ. ಅದನ್ನು ನಂಬಿ ದೂರು ಕೊಟ್ಟ ಟ್ರೈನಿಯ ಹೆಸರು ನಾಳೆ ಕೋರ್ಟು ಕೇಳಿ ಹೊರಗೆ ಹೋದರೆ, ಆಮೇಲೆ ಆ ವಿಭಾಗದಿಂದ ಇನ್ನೊಂದು ದೂರು ಬರುವುದಿಲ್ಲ.

ಮೊದಲು ಹಳೆಯ ಸಾಲಿನ ಕ್ರಿಯಾಪದ ನೋಡಿ. "ಇರಿಸಲಾಗುವುದು", "ಸಹಿಸಲಾಗುವುದಿಲ್ಲ". ಇರಿಸುವವರು ಯಾರು? ಸಹಿಸದೇ ಇರುವವರು ಯಾರು? ನಮ್ಮ ಆಫೀಸು ಕನ್ನಡಕ್ಕೆ ಈ "ಲಾಗುವುದು" ಒಂದು ಕಾಯಿಲೆ. ಕರ್ತೃವನ್ನು ಅಡಗಿಸಿಟ್ಟು ಮಾತು ಕೊಡಲು ಅದಕ್ಕಿಂತ ಒಳ್ಳೆ ಸಾಧನ ಇಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಗೊತ್ತಾಗಬೇಕಾದದ್ದು ಮಾತ್ರ ಆ ಕರ್ತೃವೇ. ಹಾಗಾಗಿ ಪ್ರತಿಯೊಂದು "ಲಾಗುವುದು" ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಒಂದು ಹುದ್ದೆಯ ಹೆಸರು ಬರೆಯಿರಿ. ಬರೆಯಲು ಆಗದಿದ್ದರೆ ಅದು ಭಾಷೆಯ ತೊಂದರೆ ಅಲ್ಲ. ಆ ಕೆಲಸ ನಿಮ್ಮಲ್ಲಿ ಯಾರ ಪಾಲಿಗೂ ಬಿದ್ದಿಲ್ಲ ಎಂದು ಅರ್ಥ.

ಗೌಪ್ಯತೆಯ ವಿಷಯದಲ್ಲಿ ಓದುಗನ ಮನಸ್ಸಿನಲ್ಲಿ ಮೂರು ಪ್ರಶ್ನೆ ಇರುತ್ತದೆ. ನನ್ನ ಹೆಸರು ಮೊದಲಿಗೆ ಯಾರಿಗೆ ಗೊತ್ತಾಗುತ್ತದೆ? ಯಾವಾಗ ಅವರನ್ನು ದಾಟಿ ಹೊರಗೆ ಹೋಗುತ್ತದೆ? ಹೋಗುವ ಮುಂಚೆ ನನಗೆ ಹೇಳುತ್ತಾರಾ? ಮೂರಕ್ಕೂ ಉತ್ತರ ಕೊಟ್ಟರೆ ಹೀಗಿರಬಹುದು:

> ನಿಮ್ಮ ಹೆಸರು ಇಬ್ಬರಿಗೆ ತಿಳಿಯುತ್ತದೆ: ದೂರು ಸ್ವೀಕರಿಸುವ ಎಥಿಕ್ಸ್ ಅಧಿಕಾರಿ, ಮತ್ತು ಆ ದೂರನ್ನು ವಿಚಾರಿಸುವ ತನಿಖಾಧಿಕಾರಿ. ಅವರು ಅದನ್ನು ನಿಮ್ಮ ಮ್ಯಾನೇಜರ್‌ಗಾಗಲಿ, ನೀವು ಯಾರ ಬಗ್ಗೆ ದೂರಿದ್ದೀರೋ ಅವರಿಗಾಗಲಿ ಹೇಳುವಂತಿಲ್ಲ. ಬೇರೆ ಯಾರಿಗಾದರೂ ಹೇಳಬೇಕಾದರೆ ಮೊದಲು ನಿಮ್ಮ ಒಪ್ಪಿಗೆ ಕೇಳುತ್ತಾರೆ.
>
> ನೀವು ಒಪ್ಪದಿದ್ದರೂ ಹೆಸರು ಕೊಡಬೇಕಾಗುವ ಸಂದರ್ಭ ಇದೆ: ಕೋರ್ಟು, ಪೊಲೀಸರು ಅಥವಾ ಸರ್ಕಾರದ ನಿಯಂತ್ರಣ ಸಂಸ್ಥೆ ಕಾನೂನು ಪ್ರಕಾರ ಕೇಳಿದಾಗ. ಆಗ ಹೆಸರು ಕೊಡುವ ಮುಂಚೆಯೇ ಎಥಿಕ್ಸ್ ಅಧಿಕಾರಿ ನಿಮಗೆ ಬರೆದು ತಿಳಿಸುತ್ತಾರೆ. ಹಾಗೆ ತಿಳಿಸುವುದರಿಂದ ತನಿಖೆ ಕೆಡುತ್ತದೆ ಎಂದಾದರೆ ಮಾತ್ರ ತಿಳಿಸಲಾರರು.

ಉದ್ದವಾಯಿತು, ನಿಜ. 7.2ರ ನಾಲ್ಕೈದು ಪಟ್ಟು ಇದೆ. ಆದರೆ ಸರಳ ಅಂದರೆ ಗಿಡ್ಡ ಅಂತಲ್ಲ. ಎರಡು ಪುಟದಲ್ಲಿ ಅರ್ಧ ಪುಟ ಇದಕ್ಕೇ ಹೋದರೆ ಹೋಗಲಿ. ಬೇರೆ ಕಡೆ ಕತ್ತರಿಸಿ. ಮುನ್ನುಡಿ, ಕಂಪನಿಯ ಮೌಲ್ಯಗಳು, ಅಧ್ಯಕ್ಷರ ಸಂದೇಶ, ಇವನ್ನು ಯಾರೂ ಓದುವುದಿಲ್ಲ.

ಎರಡನೆಯ ಪ್ಯಾರಾದ ಅಳತೆ ನಾನು ಸ್ವಂತಕ್ಕೆ ಕಟ್ಟಿದ್ದಲ್ಲ. ಯುರೋಪಿಯನ್ ಒಕ್ಕೂಟದ 2019ರ ವಿಷಲ್‌ಬ್ಲೋವರ್ ನಿರ್ದೇಶನದಲ್ಲಿ ಸುಮಾರು ಇದೇ ಕ್ರಮ ಇದೆ: ಒಪ್ಪಿಗೆ ಇಲ್ಲದೆ ಹೆಸರು ಹೊರಗಿಲ್ಲ, ಕಾನೂನು ಕೇಳಿದರೆ ಕೊಡಬಹುದು, ಕೊಡುವ ಮುಂಚೆ ಕಾರಣ ಬರೆದು ತಿಳಿಸಬೇಕು. ನಿಮ್ಮ ದೇಶದ ಕಾನೂನು ಬೇರೆ ಇರಬಹುದು, ಅದನ್ನು ಲೀಗಲ್‌ನವರು ನೋಡಲಿ. ಆದರೆ ಮೂರು ಪ್ರಶ್ನೆ ಬದಲಾಗುವುದಿಲ್ಲ.

ಲಾಯರ್_ಮೂರ್ತಿ

ಸ್ವಲ್ಪ ತಡೆಯಿರಿ. "ಸಾಧ್ಯವಾದ ಮಟ್ಟಿಗೆ" ಎಂಬುದನ್ನು ಸುಮ್ಮನೆ ಅಲಂಕಾರಕ್ಕೆ ಇಟ್ಟಿಲ್ಲ. ಸಂಪೂರ್ಣ ಗೌಪ್ಯತೆಯ ಭರವಸೆ ಯಾವ ಕಂಪನಿಯೂ ಕೊಡಲಾರದು. ಇನ್ನೊಂದು ವಿಷಯ. ಸ್ಮಿತಾ ಅವರು ಕರಡಿನಲ್ಲಿ 7.3ರ "ಸದುದ್ದೇಶದಿಂದ" ಎಂಬುದನ್ನು ದಯವಿಟ್ಟು ಬಿಡಬೇಡಿ. ಅದನ್ನು ತೆಗೆದರೆ ಮೇಲಧಿಕಾರಿ ಮೇಲೆ ಸಿಟ್ಟು ಇರುವವರೆಲ್ಲ ಬಂದು ದೂರು ಗೀಚಿ, ಆಮೇಲೆ ನನ್ನನ್ನು ಮುಟ್ಟುವಂತಿಲ್ಲ ಎನ್ನುತ್ತಾರೆ. ಎಲ್ಲ ದೇಶದ ಕಾನೂನಿನಲ್ಲೂ ಸದುದ್ದೇಶ ಕಡ್ಡಾಯ.

ಕರಡು_ತಿದ್ದುವವ

ಮೂರ್ತಿ ಸರ್, ಮೊದಲನೆಯದು ಒಪ್ಪಿದೆ. ಮಿತಿ ಇದೆ ಎಂದು ಹೇಳಲೇಬೇಕು, ಆ ಮಿತಿ ಯಾವುದು ಎಂದೂ ಹೇಳಬೇಕು. ಅಷ್ಟೇ ನನ್ನ ಮಾತು.

ಎರಡನೆಯದು ಹಳೆಯದಾಯಿತು. ಬ್ರಿಟನ್ 2013ರಲ್ಲಿ ರಕ್ಷಣೆ ಸಿಗಲು ಸದುದ್ದೇಶ ಇರಬೇಕು ಎಂಬ ಷರತ್ತನ್ನು ತೆಗೆದುಹಾಕಿತು. ಈಗ ಅಲ್ಲಿ ಉದ್ದೇಶ ಕೆಟ್ಟದ್ದಿದ್ದರೆ ಪರಿಹಾರದ ಮೊತ್ತವನ್ನು 25% ತನಕ ಕಡಿಮೆ ಮಾಡಬಹುದು, ರಕ್ಷಣೆಯೇ ಇಲ್ಲ ಅನ್ನುವಂತಿಲ್ಲ. ಯುರೋಪಿನ ನಿರ್ದೇಶನವೂ ಉದ್ದೇಶ ಕೇಳುವುದಿಲ್ಲ. ಹೇಳುತ್ತಿರುವುದು ನಿಜ ಎಂದು ಆ ಹೊತ್ತಿಗೆ ನಂಬಲು ಕಾರಣ ಇತ್ತೇ ಎಂದಷ್ಟೇ ಕೇಳುತ್ತದೆ. ಸದುದ್ದೇಶ ಕೇಳುವ ಕಾನೂನುಗಳು ಇನ್ನೂ ಇವೆ, ಅಂಥ ಕಡೆ ಪದ ಉಳಿಸಿಕೊಳ್ಳಬೇಕಾಗುತ್ತದೆ. "ಎಲ್ಲ ದೇಶದಲ್ಲೂ" ಅನ್ನುವುದು ಸರಿಯಲ್ಲ.

ಹೊಸಬರ ಮಟ್ಟಿಗೆ ಈ ಪದ ಮಾಡುವ ಹಾನಿ ಬೇರೆ. ಸ್ಟೋರ್ಸ್‌ನ ಹುಡುಗನಿಗೆ ಅವನ ಮೇಲಿನವರ ಮೇಲೆ ಸಿಟ್ಟಿದೆ ಅನ್ನಿ. ಅವರೇ ಸಹಿ ಹಾಕಿದ ಸುಳ್ಳು ಬಿಲ್ಲನ್ನೂ ಅವನು ನೋಡಿದ್ದಾನೆ. "ಸದುದ್ದೇಶದಿಂದ ದೂರು ನೀಡಿದ" ಎಂದು ಓದಿದ ಕೂಡಲೇ ಅವನಿಗೆ ಅನ್ನಿಸುವುದೇನು? ನನಗೆ ಸಿಟ್ಟಿದೆ, ಹಾಗಾದರೆ ನನಗೆ ರಕ್ಷಣೆ ಇಲ್ಲ. ಬಿಲ್ಲು ಸುಳ್ಳೇ ಇದ್ದರೂ ಅವನು ಬಾಯಿ ಬಿಡುವುದಿಲ್ಲ. ನನ್ನ ಸಲಹೆ:

> ನೀವು ಹೇಳಿದ್ದು ಕೊನೆಗೆ ತಪ್ಪೆಂದು ಗೊತ್ತಾದರೂ ನಿಮಗೆ ತೊಂದರೆ ಇಲ್ಲ. ಹೇಳುವಾಗ ಅದು ನಿಜ ಎಂದು ನಂಬಲು ನಿಮಗೆ ಕಾರಣ ಇದ್ದರೆ ಸಾಕು. ಸಾಕ್ಷಿ ಹುಡುಕಿ ತರುವುದು ನಿಮ್ಮ ಕೆಲಸವಲ್ಲ. ಸುಳ್ಳೆಂದು ಗೊತ್ತಿದ್ದೂ ದೂರು ಕೊಟ್ಟರೆ ಮಾತ್ರ ಶಿಸ್ತುಕ್ರಮ ಆಗುತ್ತದೆ.

ಕೊನೆಯ ವಾಕ್ಯದಿಂದ ನಿಮ್ಮ ಭಯವೂ ನೀಗುತ್ತದೆ. ಒಂದು ಸೂಚನೆ: ಎಚ್ಚರಿಕೆಯ ಸಾಲು ಒಂದೇ ಇರಲಿ, ಭರವಸೆಯ ಸಾಲುಗಳ ನಂತರ ಬರಲಿ. ಅದನ್ನೇ ದಪ್ಪ ಅಕ್ಷರದಲ್ಲಿ ಮೇಲೆ ಹಾಕಿದರೆ ಪುಟ ಬೆದರಿಕೆ ಪತ್ರದ ಹಾಗೆ ಕಾಣುತ್ತದೆ.

ಶಿಫ್ಟ್_ಬಿ

ಇದೆಲ್ಲ ಓದಿದೆ. ನನ್ನದೂ ಇದೇ ಕಥೆ. ಓವರ್‌ಟೈಮ್ ಲೆಕ್ಕ ತಪ್ಪು ಹಾಕಿದ್ದಾರೆ ಎಂದು ನಮ್ಮ ಕಡೆಯ ವಿಷಲ್‌ಬ್ಲೋವರ್ ನಂಬರಿಗೆ ಹೇಳಿದ್ದೆ. ಮೂರು ತಿಂಗಳಾಯಿತು, ಉತ್ತರವೇ ಇಲ್ಲ. ಇವರ ಗೌಪ್ಯತೆ ಅಂದರೆ ನಮಗೂ ಹೇಳದೇ ಇರುವುದು ಅಂತ ಕಾಣುತ್ತೆ. ಸಂಬಳ ಯಾವಾಗ ಸರಿಹೋಗುತ್ತೆ ಯಾರಾದರೂ ಹೇಳಿ.

ಆಡಿಟ್_ವೇದಾ

ಶಿಫ್ಟ್_ಬಿ ಅವರೇ, ನಿಮ್ಮೊಬ್ಬರ ಓವರ್‌ಟೈಮ್ ಲೆಕ್ಕ ತಪ್ಪಿದ್ದರೆ ಅದು ಸಂಬಳ ವಿಭಾಗಕ್ಕೆ ಅಥವಾ ಕುಂದುಕೊರತೆ ಸಮಿತಿಗೆ ಹೋಗಬೇಕು. ಬೇಕೆಂದೇ ಎಲ್ಲರ ಓವರ್‌ಟೈಮ್ ಕದಿಯುತ್ತಿದ್ದಾರೆ ಎಂಬ ಅನುಮಾನ ಇದ್ದರೆ ಆಗ ವಿಷಲ್‌ಬ್ಲೋವರ್ ದಾರಿ. ಆದರೆ ಎಲ್ಲಿಗೆ ಬಂದರೂ ಉತ್ತರ ಬರಬೇಕಿತ್ತು. ಮೂರು ತಿಂಗಳು ಸುಮ್ಮನಿದ್ದದ್ದು ಅವರ ತಪ್ಪು. ಸಂಬಳ ವಿಭಾಗಕ್ಕೆ ಇವತ್ತೇ ಬರೆಯಿರಿ, ತಾರೀಕು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

ಸ್ಮಿತಾ, ನಿಮ್ಮ 8.1 ಹುಟ್ಟಿಸುವ ಗೊಂದಲ ಇದೇ. "ಸೂಕ್ತ ಮಾರ್ಗ" ಯಾವುದು ಎಂದು ಪಾಲಿಸಿಯೇ ಹೇಳದೆ, ಆರಿಸುವ ಹೊರೆಯನ್ನು ಅನುಭವ ಕಡಿಮೆ ಇರುವವರ ತಲೆಗೆ ಕಟ್ಟಿದೆ. ವಿಂಗಡಿಸುವುದು ದೂರು ತೆಗೆದುಕೊಳ್ಳುವವರ ಕೆಲಸ. ಹೀಗೆ ಬರೆಯಬಹುದು:

> ನಿಮಗೊಬ್ಬರಿಗೇ ಸಂಬಂಧಿಸಿದ ವಿಷಯ (ಸಂಬಳ, ರಜೆ, ಶಿಫ್ಟು) ಆದರೆ ಕುಂದುಕೊರತೆ ಸಮಿತಿಗೆ ಹೇಳಿ. ಕಳ್ಳತನ, ಲಂಚ, ಸುಳ್ಳು ಲೆಕ್ಕ, ಸುರಕ್ಷತೆ ಮುಚ್ಚಿಡುವುದು ಇಂಥದ್ದಾದರೆ ಎಥಿಕ್ಸ್ ಅಧಿಕಾರಿಗೆ ಹೇಳಿ. ಯಾವುದೆಂದು ಗೊತ್ತಾಗದಿದ್ದರೆ ಎಥಿಕ್ಸ್ ಅಧಿಕಾರಿಗೇ ಹೇಳಿ. ತಪ್ಪು ಜಾಗಕ್ಕೆ ಬಂದ ದೂರನ್ನು ಅವರು ನಿಮ್ಮನ್ನು ಕೇಳಿಕೊಂಡು ಸರಿಯಾದ ಜಾಗಕ್ಕೆ ಕಳಿಸುತ್ತಾರೆ. ದೂರು ಎಥಿಕ್ಸ್ ಅಧಿಕಾರಿಯ ಬಗ್ಗೆಯೇ ಆದರೆ ಆಡಿಟ್ ಸಮಿತಿಯ ಅಧ್ಯಕ್ಷರಿಗೆ ಬರೆಯಿರಿ.
>
> 7 ದಿನದೊಳಗೆ "ದೂರು ತಲುಪಿದೆ" ಎಂಬ ಉತ್ತರ ಬರುತ್ತದೆ. 3 ತಿಂಗಳೊಳಗೆ ಏನು ಮಾಡಿದೆವು ಎಂದು ತಿಳಿಸುತ್ತೇವೆ. 7 ದಿನದಲ್ಲಿ ಉತ್ತರ ಬಾರದಿದ್ದರೆ ಅದು ತಲುಪಿಲ್ಲ ಎಂದುಕೊಂಡು ಆಡಿಟ್ ಸಮಿತಿಗೆ ಬರೆಯಿರಿ.

7 ದಿನ, 3 ತಿಂಗಳು ಎಂಬುದು ಆ ಯುರೋಪಿನ ನಿರ್ದೇಶನದಲ್ಲಿ ಇರುವ ಗಡುವು. ನಿಮ್ಮಲ್ಲಿ ಬೇರೆ ಇರಬಹುದು. ಸಂಖ್ಯೆ ಯಾವುದಾದರೂ ಇರಲಿ, "ಶೀಘ್ರವಾಗಿ" ಎಂದು ಮಾತ್ರ ಬರೆಯಬೇಡಿ. "ನಿಮ್ಮನ್ನು ಕೇಳಿಕೊಂಡು" ಎಂಬ ಎರಡು ಪದವನ್ನೂ ಬಿಡಬೇಡಿ. ಕೇಳದೆ ಕಳಿಸಿದರೆ ಹೆಸರು ಎರಡು ಜನರಿಂದ ಆರು ಜನರಿಗೆ ಹೋಗಿರುತ್ತದೆ.

ಲಾಗ್‌ಫೈಲ್

ಐಟಿ ಕಡೆಯಿಂದ ಎರಡು ಮಾತು. "ಹೆಸರು ಇಬ್ಬರಿಗೆ ತಿಳಿಯುತ್ತದೆ" ಎಂದು ಅಚ್ಚು ಹಾಕಿಸುವ ಮುಂಚೆ ಆ ಮೇಲ್‌ಬಾಕ್ಸ್ ತೆರೆಯುವ ಅನುಮತಿ ಯಾರು ಯಾರಿಗೆ ಇದೆ ಎಂದು ಪಟ್ಟಿ ತೆಗೆಸಿ. ಬಹಳ ಕಡೆ ಅದು ಹಂಚಿಕೊಂಡ ಮೇಲ್‌ಬಾಕ್ಸ್ ಆಗಿರುತ್ತದೆ. ಹಿಂದಿದ್ದ ಎಚ್‌ಆರ್ ಮುಖ್ಯಸ್ಥರಿಗೆ ಕೊಟ್ಟ ಅನುಮತಿ ಹಾಗೇ ಉಳಿದಿರುತ್ತದೆ, ಯಾರಿಗೋ ನಕಲು ತಾನೇ ಹೋಗುವಂತೆ ನಿಯಮ ಹಾಕಿರುತ್ತಾರೆ. ಜೊತೆಗೆ ಅಡ್ಮಿನ್‌ಗಳು.

ಎರಡನೆಯದು ಅನಾಮಧೇಯ ದೂರಿನದು. ಫಾರ್ಮ್‌ನಲ್ಲಿ ಹೆಸರಿನ ಕಾಲಂ ಇಲ್ಲ ಅಂದ ಮಾತ್ರಕ್ಕೆ ಅದು ಅನಾಮಧೇಯ ಆಗುವುದಿಲ್ಲ. ಕಂಪನಿಯ ಲಾಗಿನ್ ಮಾಡಿಯೇ ಆ ಪುಟಕ್ಕೆ ಹೋಗಬೇಕು ಎಂದಾದರೆ ಯಾರು, ಎಷ್ಟು ಹೊತ್ತಿಗೆ, ಯಾವ ಕಂಪ್ಯೂಟರಿನಿಂದ ತೆರೆದರು ಎಂಬುದು ಸರ್ವರಿನ ಲಾಗ್‌ನಲ್ಲಿ ಕೂತಿರುತ್ತದೆ. ವರ್ಡ್ ಕಡತ ಲಗತ್ತಿಸಿದರೆ ಅದರ ಗುಣಲಕ್ಷಣಗಳಲ್ಲಿ ಬರೆದವರ ಹೆಸರು ಇರುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಸಮಯವಂತೂ ಇರುತ್ತದೆ, ಸೆಟ್ಟಿಂಗ್ ತೆರೆದಿದ್ದರೆ ಜಾಗವೂ ಇರುತ್ತದೆ. ಇದನ್ನೆಲ್ಲ ಹೊಸಬರಿಗೆ ಪಾಠ ಮಾಡಬೇಕಿಲ್ಲ. ಒಂದು ಸಾಲು ಸಾಕು: "ಹೆಸರು ಹೇಳದೆ ದೂರು ಕೊಡುವುದಾದರೆ ಕಂಪನಿಯ ಕಂಪ್ಯೂಟರ್, ಕಂಪನಿಯ ವೈಫೈ, ಕಂಪನಿಯ ಮೇಲ್ ಬಳಸಬೇಡಿ." ಇದನ್ನು ಬರೆಯಲು ಕಂಪನಿಗೆ ಮುಜುಗರ ಆಗುತ್ತದೆ. ಆಗಲಿ.

ಕರಡು_ತಿದ್ದುವವ

ಲಾಗ್‌ಫೈಲ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. "ಗೌಪ್ಯ" ಮತ್ತು "ಅನಾಮಧೇಯ" ಎರಡೂ ಒಂದೇ ಎಂದು ಹೊಸಬರು ತಿಳಿಯುವುದು ತೀರಾ ಸಾಮಾನ್ಯ. ಅರ್ಥ ಬರೆದು ಬಿಡಿಸುವುದಕ್ಕಿಂತ ಎರಡರ ಫಲ ಏನೆಂದು ಬರೆದರೆ ತಲೆಗೆ ಹೋಗುತ್ತದೆ: "ಹೆಸರು ಹೇಳಿ ದೂರು ಕೊಟ್ಟರೆ ನಾವು ನಿಮ್ಮನ್ನು ಮತ್ತೆ ಕೇಳಬಹುದು, ಯಾರಾದರೂ ನಿಮಗೆ ತೊಂದರೆ ಕೊಟ್ಟರೆ ತಡೆಯಬಹುದು. ಹೆಸರು ಹೇಳದೆ ಕೊಟ್ಟರೂ ವಿಚಾರಿಸುತ್ತೇವೆ. ಆದರೆ ನೀವು ಯಾರೆಂದು ಗೊತ್ತಿಲ್ಲದ ಕಾರಣ ನಿಮ್ಮ ಪರವಾಗಿ ನಿಲ್ಲುವುದು ಕಷ್ಟ." ಹೆಸರಿಲ್ಲದವರಿಗೂ ದೂರಿನ ಸಂಖ್ಯೆ ಮತ್ತು ಪಾಸ್‌ವರ್ಡ್ ಕೊಟ್ಟು, ಬಂದು ಉತ್ತರ ನೋಡುವ ವ್ಯವಸ್ಥೆ ಇದ್ದರೆ ಅದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ಒಂದೇ ಸಲಕ್ಕೆ ಎಲ್ಲ ವಿವರ ಬರೆಯಬೇಕು ಎಂದು ಹೇಳಿ: ಎಲ್ಲಿ, ಯಾವ ದಿನ, ಯಾವ ದಾಖಲೆ.

ಆಡಿಟ್_ವೇದಾ

ಇನ್ನೂ ಒಂದು ಮಿತಿ ಇದೆ, ಎಷ್ಟೋ ಪಾಲಿಸಿಗಳಲ್ಲಿ ಬರೆದಿರುವುದಿಲ್ಲ. ಹೆಸರು ಗುಟ್ಟಾಗಿದ್ದರೂ ವಿಷಯವೇ ಹೆಸರು ಹೇಳಿಬಿಡುತ್ತದೆ. ಮೇಲಿನ ಸ್ಟೋರ್ಸ್ ಉದಾಹರಣೆಯನ್ನೇ ಮುಂದುವರಿಸೋಣ. ಬಿಲ್ಲಿನಲ್ಲಿ 40 ಡ್ರಮ್, ಗೇಟ್ ರಿಜಿಸ್ಟರಿನಲ್ಲಿ 31. ಎರಡನ್ನೂ ನೋಡುವ ಜಾಗದಲ್ಲಿ ಇರುವವರು ಮೂರೇ ಜನ: ಸ್ಟೋರ್ಸ್ ಇನ್‌ಚಾರ್ಜ್, ಗೇಟಿನ ಗುಮಾಸ್ತ, ಟ್ರೈನಿ. ತನಿಖಾಧಿಕಾರಿ ನೇರವಾಗಿ ಹೋಗಿ "ಆ 12ನೇ ತಾರೀಕಿನ ಬಿಲ್ಲು ಕೊಡಿ" ಎಂದರೆ ಮುಗಿಯಿತು. ಇನ್‌ಚಾರ್ಜ್ ತಪ್ಪು ಮಾಡಿದವರು, ಗೇಟಿನ ಗುಮಾಸ್ತ ಅವರ ಕಡೆಯವರು, ಉಳಿದದ್ದು ಟ್ರೈನಿ. ಹೆಸರು ಎಲ್ಲೂ ಬರೆಯದೆಯೇ ಬಯಲಾಯಿತು.

ಇದಕ್ಕೆ ಮದ್ದು ತನಿಖೆಯ ರೀತಿಯಲ್ಲಿದೆ. ಒಂದು ಬಿಲ್ಲು ಕೇಳುವ ಬದಲು ಆ ಮೂರು ತಿಂಗಳ ಎಲ್ಲ ಬಿಲ್ಲು, ಇನ್ನೆರಡು ಸ್ಟೋರ್ಸಿನದೂ ಸೇರಿಸಿ, ಮಾಮೂಲಿ ಸ್ಟಾಕ್ ಪರಿಶೀಲನೆ ಎಂದು ತರಿಸಿಕೊಂಡರೆ ಯಾರು ಹೇಳಿದರು ಎಂಬ ಪ್ರಶ್ನೆ ಅಷ್ಟು ಬೇಗ ಏಳುವುದಿಲ್ಲ. ನಾಲ್ಕು ದಿನದ ಕೆಲಸ ಎರಡು ವಾರ ಆಗುತ್ತದೆ, ಆಗಲಿ. ಆದರೆ ಹಾಗೆ ಮಾಡಬೇಕೆಂದು ತನಿಖಾಧಿಕಾರಿಗೆ ಗೊತ್ತಾಗಬೇಕಾದರೆ ಎಷ್ಟು ಜನಕ್ಕೆ ಈ ವಿಷಯ ಗೊತ್ತು ಎಂದು ದೂರುದಾರರೇ ಮೊದಲು ಹೇಳಬೇಕು. ಅದಕ್ಕೇ ಈ ಸಾಲು:

> ಕೆಲವೊಮ್ಮೆ ಹೆಸರು ಗೊತ್ತಿಲ್ಲದಿದ್ದರೂ ವಿಷಯ ನೋಡಿಯೇ ನೀವು ಯಾರೆಂದು ಊಹಿಸಬಹುದು. ಇದನ್ನು ಪೂರ್ತಿ ತಡೆಯುತ್ತೇವೆ ಎಂದು ಮಾತು ಕೊಡಲಾರೆವು. ಈ ವಿಷಯ ನಿಮ್ಮನ್ನು ಬಿಟ್ಟು ಇನ್ನೆಷ್ಟು ಜನರಿಗೆ ಗೊತ್ತಿದೆ, ಯಾರಿಗೆ ಈಗಾಗಲೇ ಹೇಳಿದ್ದೀರಿ ಎಂಬುದನ್ನು ದೂರಿನಲ್ಲೇ ತಿಳಿಸಿ. ದಾಖಲೆ ತರಿಸುವ ಮುಂಚೆ ನಿಮ್ಮ ಜೊತೆ ಮಾತಾಡುತ್ತೇವೆ. ದೂರು ಕೊಟ್ಟವರು ಯಾರೆಂದು ಹುಡುಕುವುದು ಶಿಸ್ತುಕ್ರಮಕ್ಕೆ ತಕ್ಕ ತಪ್ಪು, ಹುಡುಕುವವರು ಎಷ್ಟು ದೊಡ್ಡ ಹುದ್ದೆಯಲ್ಲಿದ್ದರೂ.

ಕೊನೆಯ ತುಂಡು ಉತ್ಪ್ರೇಕ್ಷೆ ಎನ್ನಿಸಿದರೆ ಬಾರ್ಕ್ಲೇಸ್ ಬ್ಯಾಂಕಿನ ಪ್ರಕರಣ ನೆನಪಿಸಿಕೊಳ್ಳಿ. 2016ರಲ್ಲಿ ಬಂದ ಹೆಸರಿಲ್ಲದ ಪತ್ರ ಬರೆದವರು ಯಾರೆಂದು ಪತ್ತೆ ಮಾಡಲು ಹೊರಟದ್ದು ಆ ಬ್ಯಾಂಕಿನ ಮುಖ್ಯ ಕಾರ್ಯನಿರ್ವಾಹಕರೇ. 2018ರಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆಗಳು ಅವರಿಗೆ 6,42,430 ಪೌಂಡ್ ದಂಡ ಹಾಕಿದವು.

ಲಾಯರ್_ಮೂರ್ತಿ

ಬ್ರಿಟನ್ನಿನ ವಿಷಯ ನೋಡಿಕೊಂಡೆ, ಕರಡು_ತಿದ್ದುವವರು ಹೇಳಿದ್ದು ಸರಿ. ನನ್ನ "ಎಲ್ಲ ದೇಶ" ವಾಪಸ್. ಆದರೆ 7.6 ಇರಲೇಬೇಕು ಅನ್ನುತ್ತೇನೆ. ತನಿಖೆ ನಡೆಯುವಾಗ ಸಾಕ್ಷಿಗಳು ಕ್ಯಾಂಟೀನಿನಲ್ಲಿ ಕೂತು ಮಾತಾಡಿದರೆ ಸಾಕ್ಷ್ಯವೇ ಕೆಡುತ್ತದೆ.

ಕರಡು_ತಿದ್ದುವವ

ಉದ್ದೇಶ ಸರಿ ಇದೆ ಸರ್, ವಾಕ್ಯದ ಅಗಲ ಸರಿ ಇಲ್ಲ. "ಯಾರೊಂದಿಗೂ" ಅಂದರೆ ನಿಯಂತ್ರಣ ಸಂಸ್ಥೆಯೂ ಅದರಲ್ಲಿ ಬಂತು. ಅಮೆರಿಕದಲ್ಲಿ ಇದೇ ಸಾಲಿಗೆ ದಂಡ ಬಿದ್ದಿದೆ. ಕೆಬಿಆರ್ ಎಂಬ ಕಂಪನಿ ಆಂತರಿಕ ತನಿಖೆಯ ಸಾಕ್ಷಿಗಳಿಂದ ಸಹಿ ಹಾಕಿಸಿಕೊಳ್ಳುತ್ತಿದ್ದ ಹಾಳೆಯಲ್ಲಿ, ಕಾನೂನು ವಿಭಾಗದ ಪೂರ್ವಾನುಮತಿ ಇಲ್ಲದೆ ವಿಷಯ ಚರ್ಚಿಸಿದರೆ ಕೆಲಸದಿಂದ ತೆಗೆಯುವ ತನಕ ಕ್ರಮ ಆಗಬಹುದು ಎಂದಿತ್ತು. 2015ರಲ್ಲಿ ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕರಾದ ಎಸ್‌ಇಸಿ 1,30,000 ಡಾಲರ್ ದಂಡ ವಿಧಿಸಿತು. ಗಮನಿಸಬೇಕಾದದ್ದು, ಆ ಹಾಳೆಯಿಂದಾಗಿ ಯಾರಾದರೂ ನಿಜಕ್ಕೂ ಎಸ್‌ಇಸಿಗೆ ಹೋಗದೆ ಉಳಿದರು ಎಂಬ ನಿದರ್ಶನ ಅವರ ಮುಂದೆ ಇರಲಿಲ್ಲ. ಬರೆದ ರೀತಿಗೇ ದಂಡ.

7.6ಕ್ಕೆ: "ತನಿಖೆ ಮುಗಿಯುವ ತನಕ ಸಹೋದ್ಯೋಗಿಗಳ ಜೊತೆ ಈ ವಿಷಯ ಮಾತಾಡಬೇಡಿ. ವಕೀಲರು, ವೈದ್ಯರು, ಪೊಲೀಸರು, ಸರ್ಕಾರದ ನಿಯಂತ್ರಣ ಸಂಸ್ಥೆ, ಇವರ ಜೊತೆ ಮಾತಾಡಲು ಯಾರ ಅನುಮತಿಯೂ ಬೇಡ, ನಮಗೆ ತಿಳಿಸಬೇಕಾಗಿಯೂ ಇಲ್ಲ." ಮನೆಯವರನ್ನು ಈ ಪಟ್ಟಿಗೆ ಸೇರಿಸಬೇಕೇ ಎಂಬುದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇಲ್ಲ. ಹೆಂಡತಿಗೆ ಹೇಳಬೇಡ ಎಂದು ಬರೆದರೆ ಯಾರೂ ಪಾಲಿಸುವುದಿಲ್ಲ, ಹೇಳಬಹುದು ಎಂದರೆ ಅದೇ ಕಂಪನಿಯಲ್ಲಿ ಭಾವಮೈದ ಇರುತ್ತಾನೆ.

ಸ್ಮಿತಾ_ಪಿ

ಎಲ್ಲರಿಗೂ ವಂದನೆ. ಮೇಲ್‌ಬಾಕ್ಸಿನ ಪಟ್ಟಿ ತೆಗೆಸಿದೆ. ಎರಡು ಅಂದುಕೊಂಡಿದ್ದೆವು, ಐದು ಹೆಸರು ಬಂತು. ಒಬ್ಬರು ಕೆಲಸ ಬಿಟ್ಟಿದ್ದಾರೆ, ಒಬ್ಬರು ಈಗ ಖರೀದಿ ವಿಭಾಗದ ಮುಖ್ಯಸ್ಥರು. ಅದನ್ನು ಸರಿಪಡಿಸಿದ ಮೇಲೆಯೇ "ಇಬ್ಬರಿಗೆ" ಎಂದು ಬರೆಯುತ್ತೇವೆ.

7.3ರ ಪ್ರತೀಕಾರದ ಭಾಗ ಹೇಗೆ? "ಪ್ರತೀಕಾರ" ಎಂದರೆ ನಮ್ಮ ಟ್ರೈನಿಗಳಿಗೆ ಹೊಡೆದಾಟ ನೆನಪಾಗುತ್ತದೆ.

ಆಡಿಟ್_ವೇದಾ

ಪದ ಬಿಟ್ಟು ದೃಶ್ಯ ಬರೆಯಿರಿ. ಹೊಸಬರನ್ನು ಯಾರೂ ನೇರವಾಗಿ ಕೆಲಸದಿಂದ ತೆಗೆಯುವುದಿಲ್ಲ. ಪ್ರೊಬೇಷನ್ ಮುಂದುವರಿಸುತ್ತಾರೆ, ಸದಾ ರಾತ್ರಿ ಶಿಫ್ಟು ಹಾಕುತ್ತಾರೆ, ತರಬೇತಿಯ ಪಟ್ಟಿಯಿಂದ ಹೆಸರು ಬಿಡುತ್ತಾರೆ, ವಾಟ್ಸಾಪ್ ಗುಂಪಿನಿಂದ ತೆಗೆಯುತ್ತಾರೆ, ಕಾಂಟ್ರಾಕ್ಟ್ ನವೀಕರಿಸುವುದಿಲ್ಲ. ಇವನ್ನೇ ಹೆಸರಿಸಿ, "ದೂರು ಕೊಟ್ಟ ಕಾರಣಕ್ಕೆ ಇವುಗಳಲ್ಲಿ ಯಾವುದನ್ನೂ ಮಾಡುವಂತಿಲ್ಲ. ಆಗುತ್ತಿದೆ ಅನ್ನಿಸಿದರೆ ತಾರೀಕು ಬರೆದಿಟ್ಟುಕೊಂಡು ಎಥಿಕ್ಸ್ ಅಧಿಕಾರಿಗೆ ತಿಳಿಸಿ. ಆ ಕ್ರಮಕ್ಕೆ ಬೇರೆ ಕಾರಣ ಇತ್ತೆಂದು ತೋರಿಸಬೇಕಾದವರು ಮ್ಯಾನೇಜರ್, ನೀವಲ್ಲ" ಎಂದು ಮುಗಿಸಿ. ಕೊನೆಯ ವಾಕ್ಯಕ್ಕೆ ಆಡಳಿತ ಮಂಡಳಿ ಒಪ್ಪಿದರೆ ಮಾತ್ರ ಬರೆಯಿರಿ. ರಕ್ಷಣೆಗೆ ಮಿತಿಯೂ ಇದೆ: ಸ್ವತಃ ತಪ್ಪಿನಲ್ಲಿ ಪಾಲು ಇದ್ದವರಿಗೆ ದೂರು ಕೊಟ್ಟ ಮಾತ್ರಕ್ಕೆ ಆ ತಪ್ಪು ಮಾಫಿ ಆಗುವುದಿಲ್ಲ. ಅದನ್ನೂ ಒಂದು ಸಾಲಿನಲ್ಲಿ ಹೇಳಿ.

ಆಮೇಲೆ ಪರೀಕ್ಷೆ ಮಾಡಿ. "ಅರ್ಥ ಆಯ್ತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಐದಾರು ಜನ ಟ್ರೈನಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ ಪುಟ ಕೈಗೆ ಕೊಡಿ, 40 ಡ್ರಮ್ಮಿನ ಕಥೆ ಹೇಳಿ. ನಾಳೆ ಬೆಳಿಗ್ಗೆ ಯಾರಿಗೆ ಹೇಳುತ್ತೀಯ? ನಿನ್ನ ಹೆಸರು ಯಾರಿಗೆ ಗೊತ್ತಾಗುತ್ತೆ? ಪೊಲೀಸರು ಕೇಳಿದರೆ? ಹತ್ತು ದಿನ ಉತ್ತರ ಬರದಿದ್ದರೆ? ಉತ್ತರ ಹೇಳುವಾಗ ಅವರು ಪುಟದಲ್ಲಿ ಯಾವ ಸಾಲಿಗೆ ಬೆರಳಿಟ್ಟರು ನೋಡಿ. ಒಂದೇ ಪ್ರಶ್ನೆಯಲ್ಲಿ ಇಬ್ಬರು ಎಡವಿದರೆ ತಪ್ಪು ಸಾಲಿನದು.

ಸ್ಮಿತಾ_ಪಿ

ಆರು ಜನರ ಮೇಲೆ ಪ್ರಯೋಗ ಮಾಡಿದೆ. ಯಾರಿಗೆ ಹೇಳಬೇಕು ಎಂಬುದು ಎಲ್ಲರಿಗೂ ಸಿಕ್ಕಿತು. "ಪೊಲೀಸರು ಕೇಳಿದರೆ?" ಎಂಬಲ್ಲಿ ಮೂವರು "ಹೆಸರು ಕೊಡುವುದಿಲ್ಲ" ಎಂದರು. ಬೆರಳಿಟ್ಟದ್ದು ಮೊದಲ ಪ್ಯಾರಾದ "ಮೊದಲು ನಿಮ್ಮ ಒಪ್ಪಿಗೆ ಕೇಳುತ್ತಾರೆ" ಎಂಬಲ್ಲಿ. ಎರಡನೆಯ ಪ್ಯಾರಾ ತನಕ ಹೋಗಲೇ ಇಲ್ಲ.

ಇನ್ನೊಬ್ಬಳು ಕೇಳಿದ್ದು: "ಎಥಿಕ್ಸ್ ಅಧಿಕಾರಿ ಅಂದರೆ ಯಾರು, ಎಲ್ಲಿ ಕೂರುತ್ತಾರೆ?" ಹುದ್ದೆ ಬರೆದಿದ್ದೆ, ಫೋನ್ ನಂಬರ್ ಬರೆದಿರಲಿಲ್ಲ!

ಕರಡು_ತಿದ್ದುವವ

ಮೂವರು ಎಡವಿದ್ದು ನನ್ನ ಕರಡಿನ ದೋಷ. ಭರವಸೆ ಒಂದು ಪ್ಯಾರಾ, ವಿನಾಯಿತಿ ಇನ್ನೊಂದು ಪ್ಯಾರಾ ಮಾಡಬಾರದಿತ್ತು. ಎರಡನ್ನೂ ಒಂದೇ ಉಸಿರಿಗೆ ತನ್ನಿ: "ನಿಮ್ಮ ಒಪ್ಪಿಗೆ ಇಲ್ಲದೆ ಹೆಸರು ಹೊರಗೆ ಹೋಗುವುದಿಲ್ಲ, ಕೋರ್ಟು, ಪೊಲೀಸರು ಅಥವಾ ನಿಯಂತ್ರಣ ಸಂಸ್ಥೆ ಕಾನೂನು ಪ್ರಕಾರ ಕೇಳಿದಾಗ ಬಿಟ್ಟು." ಅದರ ಮೇಲೆ ಪ್ರಶ್ನೆಯನ್ನೇ ತಲೆಬರಹ ಮಾಡಿ: "ನನ್ನ ಹೆಸರು ಹೊರಗೆ ಹೋಗಬಹುದೇ?" ಉತ್ತರದ ಮೊದಲ ಪದ "ಹೋಗಬಹುದು" ಎಂದಿರಲಿ. ಮತ್ತೆ ಬೇರೆ ಮೂವರಿಗೆ ಕೊಟ್ಟು ನೋಡಿ, ಅದೇ ಆರು ಜನಕ್ಕೆ ಬೇಡ.

ಲಾಯರ್_ಮೂರ್ತಿ

ಪುಟದ ಕೆಳಗೆ "ಈ ಸರಳ ರೂಪಕ್ಕೂ ಮೂಲ ಪಾಲಿಸಿಗೂ ವ್ಯತ್ಯಾಸ ಕಂಡರೆ ಮೂಲವೇ ಅಂತಿಮ" ಎಂದು ಹಾಕಲೇಬೇಕು. ಇದರಲ್ಲಿ ರಾಜಿ ಇಲ್ಲ.

ಆಡಿಟ್_ವೇದಾ

ಹಾಕಿದರೆ ಎರಡು ಪುಟದ ಭರವಸೆಯನ್ನು ಕೊನೆಯ ಸಾಲಿನಲ್ಲಿ ವಾಪಸ್ ತೆಗೆದುಕೊಂಡ ಹಾಗೆ, ಮೂರ್ತಿ ಸರ್. ಮೂಲದಲ್ಲಿ "ಸಾಧ್ಯವಾದ ಮಟ್ಟಿಗೆ" ಇನ್ನೂ ಕೂತಿದೆಯಲ್ಲ. ತಿದ್ದುವುದಾದರೆ 7.2, 7.3, 7.6, 8.1 ಈ ನಾಲ್ಕನ್ನು ಮೂಲದಲ್ಲೇ ತಿದ್ದಿ ಮಂಡಳಿಯಿಂದ ಒಪ್ಪಿಸಿ, ಸರಳ ಪುಟದಲ್ಲಿ ಅದನ್ನೇ ಯಥಾವತ್ ಇಡಬೇಕು.

ಲಾಯರ್_ಮೂರ್ತಿ

ಮಂಡಳಿ ಮುಂದಿನ ಸಭೆ ತನಕ ಕಾಯಬೇಕಾಗುತ್ತದೆ. ಅಲ್ಲಿಯ ತನಕ ಸಾಲು ಇರಲಿ ಅನ್ನುವುದೇ ನನ್ನ ನಿಲುವು.

ಸ್ಮಿತಾ_ಪಿ

ಈ ಜಗಳ ನಮ್ಮ ಆಫೀಸಿನಲ್ಲೂ ಇದೇ ರೂಪದಲ್ಲಿ ನಡೆಯುತ್ತಿದೆ, ಹಾಗಾಗಿ ನಾನು ಯಾರ ಕಡೆಯೂ ಇಲ್ಲ. ಸದ್ಯಕ್ಕೆ ಫೋನ್ ನಂಬರ್ ಸೇರಿಸಿದೆ, ತಲೆಬರಹ ಬದಲಿಸಿದೆ, ನಾಳೆ ಮೂವರು ಹೊಸಬರಿಗೆ ಕೊಡುತ್ತೇನೆ. ಇನ್ನೊಂದು ಉಳಿದಿದೆ: ಗೇಟಿನ ಗುಮಾಸ್ತ ಏಜೆನ್ಸಿಯ ಮೂಲಕ ಬಂದವರು, ನಮ್ಮ ಉದ್ಯೋಗಿ ಅಲ್ಲ. ಅವರೇ ದೂರು ಕೊಟ್ಟರೆ, ಏಜೆನ್ಸಿ ಅವರನ್ನು ಬದಲಿಸಿದರೆ, "ತೊಂದರೆ ಕೊಡುವಂತಿಲ್ಲ" ಎಂದು ನಾವು ಬರೆದದ್ದಕ್ಕೆ ಏನು ಬೆಲೆ?

ಕರಡು_ತಿದ್ದುವವ

ಏಜೆನ್ಸಿಯ ಜೊತೆಗಿನ ಒಪ್ಪಂದದಲ್ಲಿ ಆ ಷರತ್ತು ಇದೆಯೇ ಮೊದಲು ನೋಡಿ. ಇಲ್ಲದಿದ್ದರೆ ಆ ಸಾಲಿನಲ್ಲಿ "ಎಲ್ಲರಿಗೂ" ಎಂದು ಬರೆಯಬೇಡಿ. "ಏಜೆನ್ಸಿ ಮೂಲಕ ಬಂದವರ ದೂರನ್ನೂ ತೆಗೆದುಕೊಳ್ಳುತ್ತೇವೆ, ಹೆಸರನ್ನು ಏಜೆನ್ಸಿಗೆ ಹೇಳುವುದಿಲ್ಲ, ನಿಮ್ಮನ್ನು ಬದಲಿಸಿ ಎಂದು ನಾವು ಕೇಳುವುದಿಲ್ಲ" ಎಂಬಷ್ಟು ಮಾತ್ರ ನಿಮ್ಮ ಕೈಯಲ್ಲಿದೆ.